ಕಸದ ಗಾಡಿ ಎಷ್ಟು ಹೊತ್ತಿಗೆ ಬರುತ್ತೆ?

ಒಂದು ನೋಟಿಸ್ ಬರೆದು ಬೀದಿಯವರ ಕೈಲೆಲ್ಲ ಬೈಸಿಕೊಂಡ ಕಥೆ ಇದು. ಬರೆದವಳು ನಾನೇ. ಹಾಗಾಗಿ ಬೇರೆ ಯಾರ ಮೇಲೂ ದೂರು ಹೇಳುವ ಹಾಗಿಲ್ಲ.

ನಮ್ಮದು ಸಖರಾಯಪಟ್ಟಣ. ಕಡೂರಿನಿಂದ ಚಿಕ್ಕಮಗಳೂರಿಗೆ ಹೋಗುವ ದಾರಿಯಲ್ಲಿ ಸಿಗುವ ಊರು. ಬಾಯಲ್ಲಿ ಎಲ್ಲರಿಗೂ ಸಕ್ರೇಪಟ್ನ. ನಾನು ಕೆಲಸ ಮಾಡುವುದು ಬೆಂಗಳೂರಿನ ಕಂಪನಿಗೆ, ಆದರೆ ತಿಂಗಳಲ್ಲಿ ಒಂದು ವಾರ ಬಿಟ್ಟರೆ ಕೂರುವುದು ಇಲ್ಲಿ, ಅಪ್ಪನ ಮನೆಯ ಮಹಡಿಯಲ್ಲಿ. ‘ನೀನು ಹೆಂಗೂ ಇಡೀ ದಿನ ಕಂಪ್ಯೂಟರ್ ಕುಟ್ಕೊಂಡು ಕೂತಿರ್ತೀಯ, ನಮ್ ಸಂಘದ್ದೂ ಸ್ವಲ್ಪ ಕುಟ್ಟು’ ಅಂತ ಮೇಷ್ಟ್ರು ಹೇಳಿದ ದಿನದಿಂದ ನಮ್ಮ ಬಡಾವಣೆಯ ನಿವಾಸಿಗಳ ಸಂಘಕ್ಕೆ ನಾನೇ ಕಾರ್ಯದರ್ಶಿ. ಸಂಘ ಅಂದರೆ ದೊಡ್ಡದೇನಲ್ಲ. ನಾಲ್ಕು ಅಡ್ಡರಸ್ತೆ, ಅರವತ್ತು ಚಿಲ್ಲರೆ ಮನೆ, ಒಂದು ವಾಟ್ಸಾಪ್ ಗ್ರೂಪು.

ಕಸದ ಗಾಡಿ ನಮ್ಮಲ್ಲಿಗೆ ಬೆಳಿಗ್ಗೆ ಒಂಬತ್ತಕ್ಕೆ ಬರುತ್ತಿತ್ತು. ಓಡಿಸುವುದು ಒಬ್ಬ ಅಕ್ಕ. ಕರ್ನಾಟಕದ ಎಷ್ಟೋ ಗ್ರಾಮ ಪಂಚಾಯಿತಿಗಳಲ್ಲಿ ಸ್ವಸಹಾಯ ಸಂಘದ ಹೆಂಗಸರಿಗೆ ಡ್ರೈವಿಂಗ್ ಕಲಿಸಿ ‘ಸ್ವಚ್ಛ ವಾಹಿನಿ’ ಗಾಡಿಯ ಕೀ ಕೊಟ್ಟಿದ್ದಾರಲ್ಲ, ಹಾಗೆ ಬಂದವರು. 2025ರ ಮೇ ಕೊನೆಯಲ್ಲಿ ಅವರೇ ಬಂದು ಹೇಳಿದರು: ‘ಇನ್ನು ಸ್ಕೂಲು ಶುರುವಾಗ್ತದೆ. ಒಂಬತ್ತಕ್ಕೆ ಬಂದ್ರೆ ಮಕ್ಕಳು, ವ್ಯಾನು, ಆಟೋ, ಎಲ್ಲ ಒಟ್ಟಿಗೆ. ಗಾಡಿ ತಿರುಗಿಸೋಕೇ ಆಗಲ್ಲ. ಜೂನ್‌ನಿಂದ ಬೆಳಿಗ್ಗೆ ಬೇಗ ಬಂದ್ಬಿಡ್ತೀನಿ. ನೀವು ಎಲ್ಲರಿಗೂ ಹೇಳ್ಬಿಡಿ.’

ಆ ‘ಹೇಳ್ಬಿಡಿ’ ನನ್ನ ಪಾಲಿಗೆ ಬಂತು. ಜೂನ್ 1, ಭಾನುವಾರ. ಇಡೀ ದಿನ ಮರೆತು, ರಾತ್ರಿ ಹನ್ನೊಂದೂ ನಲವತ್ತಕ್ಕೆ ನೆನಪಾಗಿ, ಸಂಘದ ಲೆಟರ್‌ಹೆಡ್ ಮೇಲೆ ಚಂದವಾಗಿ ಟೈಪ್ ಮಾಡಿ, ಚಿತ್ರವಾಗಿ ಉಳಿಸಿ, ಗ್ರೂಪಿಗೆ ಹಾಕಿ ಮಲಗಿದೆ. ಇದೇ ಆ ನೋಟಿಸ್, ಒಂದಕ್ಷರ ಬದಲಿಸಿಲ್ಲ:

‘ನಿವಾಸಿಗಳ ಗಮನಕ್ಕೆ. ತ್ಯಾಜ್ಯ ಸಂಗ್ರಹಣಾ ವಾಹನದ ವೇಳಾಪಟ್ಟಿಯಲ್ಲಿ ಮಾರ್ಪಾಡು ಮಾಡಲಾಗಿದ್ದು, ನಾಳೆಯಿಂದ ಹಸಿ ತ್ಯಾಜ್ಯವನ್ನು ದಿನ ಬಿಟ್ಟು ದಿನ ಬೆಳಿಗ್ಗೆ 6.30ರಿಂದ 7.30ರ ಒಳಗೆ ಹಾಗೂ ಒಣ ತ್ಯಾಜ್ಯವನ್ನು ವಾರಕ್ಕೊಮ್ಮೆ ಸಂಗ್ರಹಿಸಲಾಗುವುದು. ಮುಂದಿನ ಸೂಚನೆಯವರೆಗೆ ಸದರಿ ವೇಳಾಪಟ್ಟಿ ಜಾರಿಯಲ್ಲಿರುತ್ತದೆ. ಸಹಕರಿಸಲು ಕೋರಿದೆ.’

ಹದಿನಾಲ್ಕು ಥಂಬ್ಸ್ ಅಪ್ ಬಂತು. ನಾಲ್ಕು ಜನ ಕೈ ಮುಗಿದರು. ಎಲ್ಲರಿಗೂ ತಲುಪಿತು ಅಂದುಕೊಂಡೆ.

ಎದುರುಮನೆ ಅಜ್ಜಿಗೆ ಫೋನಿಲ್ಲ. ಒಬ್ಬರೇ ಇರುವುದು. ಸೋಮವಾರ ಒಂಬತ್ತಕ್ಕೆ ಎಂದಿನಂತೆ ಹಸಿರು ಬಕೆಟ್ ತಂದು ಜಗಲಿ ಮೇಲಿಟ್ಟು ಕೂತರು. ಹನ್ನೊಂದರವರೆಗೂ ಕೂತು, ಬಕೆಟ್ ಒಳಗೆ ತಗೊಂಡು ಹೋದರು. ನಾನು ಮಹಡಿ ಕಿಟಕಿಯಿಂದ ನೋಡಿದ್ದೇನೆ, ಆದರೆ ಮೀಟಿಂಗ್‌ನಲ್ಲಿದ್ದೆ, ತಲೆಗೆ ಹೋಗಲಿಲ್ಲ. ಮಂಗಳವಾರವೂ ಹಾಗೇ. ಬುಧವಾರವೂ ಹಾಗೇ. ಗುರುವಾರ ಹಾಲು ತರೋಕೆ ಹೋದಾಗ ಅವರೇ ನನ್ನ ಕರೆದು, ದನಿ ಇಳಿಸಿ ಕೇಳಿದರು: ‘ಅಲ್ಲ ಕಣಮ್ಮ, ಗಾಡಿಯವಳು ನನ್ ಮೇಲೆ ಮುನಿಸ್ಕಂಡಿದಾಳಾ? ಹೋದ ವಾರ ಚಿಪ್ಪಿನ ವಿಷಯಕ್ಕೆ ಒಂದ್ ಮಾತು ಜಾಸ್ತಿ ಅಂದ್ಬಿಟ್ಟೆ. ಅದಕ್ಕೇ ನಮ್ ಮನೆ ಬಿಟ್ಟು ಹೋಗ್ತಿದಾಳೇನೋ.’

ಚಿಪ್ಪಿನ ವಿಷಯ ಏನೆಂದರೆ, ಅಜ್ಜಿ ತೆಂಗಿನ ಚಿಪ್ಪನ್ನು ಹಸಿ ಕಸದ ಬಕೆಟ್ಟಿಗೆ ಹಾಕುತ್ತಿದ್ದರು. ‘ಅದು ಬೇಗ ಕೊಳೆಯಲ್ಲ ಅಜ್ಜಿ, ಒಣ ಕಸದ ಜೊತೆ ಕೊಡಿ’ ಅಂತ ಅಕ್ಕ ಹೇಳಿದ್ದಕ್ಕೆ, ‘ನೀನು ಹುಟ್ಟೋಕ್ ಮುಂಚೆಯಿಂದ ನಾನ್ ತೆಂಗಿನಕಾಯಿ ಒಡೀತಿದೀನಿ’ ಅಂದಿದ್ದರಂತೆ. ಅಷ್ಟೇ. ಅದನ್ನೇ ನಾಲ್ಕು ದಿನ ಮನಸ್ಸಲ್ಲಿಟ್ಟುಕೊಂಡು, ಕೊಳೆತ ಕಸವನ್ನೂ ಮನೆಯೊಳಗೆ ಇಟ್ಟುಕೊಂಡು ಕೂತಿದ್ದರು.

ಅಜ್ಜಿ ಒಬ್ಬರದೇ ಆಗಿದ್ದರೆ ಫೋನಿಲ್ಲದ್ದರಿಂದ ಹೀಗಾಯಿತು ಅಂತ ಸಮಾಧಾನ ಮಾಡಿಕೊಳ್ಳಬಹುದಿತ್ತು. ಆದರೆ ಆ ಹೊತ್ತಿಗೆ ಮೂರನೇ ಅಡ್ಡರಸ್ತೆಯ ಮೂಲೆಯಲ್ಲಿ ಕವರುಗಳ ರಾಶಿ ಬಿದ್ದಿತ್ತು, ನಾಯಿಗಳು ಎಳೆದಾಡಿದ್ದವು. ಆ ಕವರು ತಂದಿಟ್ಟವರೆಲ್ಲ ಥಂಬ್ಸ್ ಅಪ್ ಒತ್ತಿದವರೇ. ಗಾಡಿ ಅಕ್ಕನಿಗೆ ನಾಲ್ಕು ಕಡೆ ಬೈಗುಳ. ‘ನಾನು ಹೇಳಿದ ಹೊತ್ತಿಗೇ ಬಂದಿದೀನಲ್ಲ, ನೀವು ಏನಂತ ಬರ್ದ್ರಿ?’ ಅಂತ ಅವರು ನನ್ನ ಕೇಳಿದಾಗ ಉತ್ತರ ಇರಲಿಲ್ಲ. ಶನಿವಾರ ಒಂದು ಪೆನ್ನು, ಆ ನೋಟಿಸಿನ ಪ್ರಿಂಟು ಹಿಡಿದುಕೊಂಡು ಮನೆಮನೆಗೆ ಹೋದೆ. ‘ಅರ್ಥ ಆಗಿತ್ತಾ?’ ಅಂತ ಕೇಳಿದರೆ ಎಲ್ಲರೂ ‘ಆಗಿತ್ತು, ಆಗಿತ್ತು’ ಅನ್ನುತ್ತಾರೆ. ಅದಕ್ಕೆ ‘ಓದಿದ ಮೇಲೆ ನೀವು ಏನು ಮಾಡಿದ್ರಿ?’ ಅಂತ ಕೇಳಿದೆ. ಆಗ ಬಂತು ನೋಡಿ ಒಂದೊಂದೇ.

ಮೊದಲನೆಯದು ‘ನಾಳೆಯಿಂದ’. ನಾನು ಬರೆದದ್ದು ಭಾನುವಾರ ರಾತ್ರಿ. ಬಹಳ ಜನ ಓದಿದ್ದು ಸೋಮವಾರ ಬೆಳಿಗ್ಗೆ ಎಂಟಕ್ಕೆ, ಗಾಡಿ ಹೋದ ಮೇಲೆ. ಅವರ ಲೆಕ್ಕದಲ್ಲಿ ‘ನಾಳೆ’ ಮಂಗಳವಾರ. ಅವರಲ್ಲಿ ಒಬ್ಬರು ಅದನ್ನು ಬಾಡಿಗೆಮನೆಯವರಿಗೆ ಮಂಗಳವಾರ ಫಾರ್ವರ್ಡ್ ಮಾಡಿದರು. ಅಲ್ಲಿ ‘ನಾಳೆ’ ಬುಧವಾರ. ಫಾರ್ವರ್ಡ್ ಆದ ಕಾಗದದಲ್ಲಿ ನಾಳೆ ಅನ್ನುವುದು ಯಾವತ್ತೂ ಮುಗಿಯುವುದಿಲ್ಲ. ಹಿಂದೆ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆಯುತ್ತಿದ್ದದ್ದು ಇದಕ್ಕೇ ಅಲ್ಲವೇ, ದೆವ್ವ ಯಾವತ್ತೂ ಒಳಗೆ ಬರಬಾರದು ಅಂತ. ನಾನು ಕಸದ ಗಾಡಿಗೆ ಅದೇ ಮಂತ್ರ ಹಾಕಿದ್ದೆ.

ಎರಡನೆಯದು ‘ದಿನ ಬಿಟ್ಟು ದಿನ’. ಅಕ್ಕ ಹಸಿ ಕಸಕ್ಕೆ ಬರುವುದು ಸೋಮವಾರ, ಬುಧವಾರ, ಶುಕ್ರವಾರ. ದಿನ ಬಿಟ್ಟು ದಿನ ಅಂತ ಎಣಿಸಿದರೆ ಶುಕ್ರವಾರದ ನಂತರ ಭಾನುವಾರ ಬರಬೇಕು, ಆಮೇಲೆ ಮಂಗಳವಾರ. ವಾರಕ್ಕೆ ಏಳು ದಿನ ಇರುವುದರಿಂದ ಈ ಎಣಿಕೆ ಪ್ರತಿ ವಾರ ತಿರುಗುಮುರುಗಾಗುತ್ತದೆ. ಎರಡನೇ ಅಡ್ಡರಸ್ತೆಯ ಒಬ್ಬ ರಿಟೈರ್ಡ್ ಯಜಮಾನರು ಕ್ಯಾಲೆಂಡರಿನಲ್ಲಿ ತಿಂಗಳಿಡೀ ಹಾಗೇ ಗುರುತು ಹಾಕಿಕೊಂಡಿದ್ದರು. ಅವರು ನೋಟಿಸನ್ನು ನನಗಿಂತ ಸರಿಯಾಗಿ ಓದಿದ್ದರು. ತಪ್ಪಿದ್ದು ಬರೆದ ಕಡೆ.

‘6.30ರಿಂದ 7.30ರ ಒಳಗೆ’ ಅನ್ನುವುದಂತೂ ಅತಿ ದೊಡ್ಡ ಎಡವಟ್ಟು. ನನ್ನ ಮನಸ್ಸಲ್ಲಿದ್ದದ್ದು, ಗಾಡಿ ಮೊದಲ ಮನೆಯಿಂದ ಕೊನೆಯ ಮನೆಗೆ ಹೋಗಲು ಹಿಡಿಯುವ ಒಂದು ಗಂಟೆ. ಓದಿದವರು ಅರ್ಥ ಮಾಡಿಕೊಂಡದ್ದು, ಗಾಡಿ ಆ ಒಂದು ಗಂಟೆ ನಮ್ಮ ಬೀದಿಯಲ್ಲೇ ಇರುತ್ತದೆ, ಯಾವಾಗ ಹೋದರೂ ಆಯಿತು ಅಂತ. ಮೊದಲನೇ ಅಡ್ಡರಸ್ತೆಯವರು ಏಳೂಕಾಲಿಗೆ ಆರಾಮಾಗಿ ಬಂದರು, ಗಾಡಿ ಆಗ ನಾಲ್ಕನೇ ಅಡ್ಡರಸ್ತೆಯಲ್ಲಿತ್ತು. ಕೊನೆಯ ಅಡ್ಡರಸ್ತೆಯವರು ಆರೂವರೆಗೆ ಬಕೆಟ್ ಹೊರಗಿಟ್ಟು, ನಲ್ಲಿ ನೀರು ಹಿಡಿಯೋಕೆ ಒಳಗೆ ಹೋದರು. ಮುಕ್ಕಾಲು ಗಂಟೆಯಲ್ಲಿ ನಾಯಿಗಳ ಕೆಲಸ ಮುಗಿದಿತ್ತು.

ಇನ್ನೊಂದು, ನನಗೆ ಹೊಳೆದೇ ಇರದದ್ದು. ಹೊಸ ಹೊತ್ತು ಹೇಳಿದ್ದೆ, ಹಳೆಯದು ನಿಂತಿತು ಅಂತ ಎಲ್ಲೂ ಹೇಳಿರಲಿಲ್ಲ. ಮೂರು ಮನೆಯವರು ‘ಬೆಳಿಗ್ಗೆ ಒಂದ್ ಸಲ ಜಾಸ್ತಿ ಬರ್ತಾರೆ, ಒಂಬತ್ತಕ್ಕಂತೂ ಬಂದೇ ಬರ್ತಾರೆ’ ಅಂದುಕೊಂಡು ಕಾಯುತ್ತಿದ್ದರು.

ಮೇಷ್ಟ್ರ ಕಥೆ ಬೇರೆ. ಅವರಿಗೆ ಈಗ ಕಣ್ಣು ಮಂಜು. ಫೋನು ಗಟ್ಟಿಯಾಗಿ ಓದಿ ಹೇಳುವ ಹಾಗೆ ಮಗ ಸೆಟ್ ಮಾಡಿಕೊಟ್ಟಿದ್ದಾನೆ. ಬರೆದ ಮೆಸೇಜ್ ಆದರೆ ಓದುತ್ತದೆ. ನಾನು ಕಳಿಸಿದ್ದು ಚಿತ್ರ. ‘ಇಮೇಜ್ ಅಂತ ಹೇಳಿ ಸುಮ್ನಾಗ್ಬಿಡ್ತು ಕಣಮ್ಮ’ ಅಂದರು. ಲೆಟರ್‌ಹೆಡ್ಡಿನ ಚಂದಕ್ಕೆ ನನ್ನನ್ನು ಕಾರ್ಯದರ್ಶಿ ಮಾಡಿದವರನ್ನೇ ಹೊರಗಿಟ್ಟಿದ್ದೆ.

ಮತ್ತೆ ಆ ‘ತ್ಯಾಜ್ಯ’. ಕೊನೆಮನೆಯ ಒಂಬತ್ತು ವರ್ಷದ ಹುಡುಗಿ ನನ್ನ ಪ್ರಿಂಟನ್ನು ಜೋರಾಗಿ ಓದಿ, ‘ಅಕ್ಕ, ತ್ಯಾಜ್ಯ ಯಾವ ರಾಜ್ಯ?’ ಅಂತ ಕೇಳಿದಳು. ನಮ್ಮ ಬೀದಿಯಲ್ಲಿ ಯಾರೂ ತ್ಯಾಜ್ಯ ಎಸೆಯುವುದಿಲ್ಲ, ಕಸ ಹಾಕುತ್ತಾರೆ. ನಮ್ಮಲ್ಲಿ ಸರ್ಕಾರಿ ಕಾಗದ ನೋಡಿ ನೋಡಿ, ನೋಟಿಸ್ ಅಂದ ಕೂಡಲೇ ಕೈಗೆ ‘ಸದರಿ’, ‘ಮಾರ್ಪಾಡು’, ‘ಸಂಗ್ರಹಿಸಲಾಗುವುದು’ ತಾವಾಗೇ ಬರುತ್ತವೆ. ಸಂಗ್ರಹಿಸಲಾಗುವುದು ಸರಿ, ಯಾರು? ನಾನು ಏನು ಮಾಡಬೇಕು? ಆ ಕ್ರಿಯಾಪದದಲ್ಲಿ ಗಾಡಿಯೂ ಇಲ್ಲ, ಅಕ್ಕನೂ ಇಲ್ಲ, ಬಕೆಟ್ ಹಿಡಿದ ನಾವೂ ಇಲ್ಲ.

ರಾತ್ರಿ ಒಬ್ಬರು ಗ್ರೂಪಿಗಲ್ಲದೆ ನನಗೆ ಮಾತ್ರ ಮೆಸೇಜ್ ಹಾಕಿದರು. ಅವರ ಮಾವ ಹಾಸಿಗೆ ಹಿಡಿದು ವರ್ಷವಾಗಿದೆ. ‘ಡೈಪರ್ ಹಸಿನಾ ಒಣನಾ? ಒಣ ಅಂದ್ರೆ ವಾರಕ್ಕೊಮ್ಮೆ ಅಲ್ವಾ, ಒಂದು ವಾರ ಮನೇಲಿ ಹೇಗೆ ಇಟ್ಕೊಳ್ಳೋದು?’ ಗ್ರೂಪಿನಲ್ಲಿ ಕೇಳೋಕೆ ಅವರಿಗೆ ಮುಜುಗರ. ಆಗ ಜಾರಿಯಲ್ಲಿದ್ದ 2016ರ ಘನತ್ಯಾಜ್ಯ ನಿಯಮದಲ್ಲಿ ಡೈಪರ್, ಪ್ಯಾಡುಗಳನ್ನು ಸರಿಯಾಗಿ ಸುತ್ತಿ ಒಣ ಕಸದ ಬುಟ್ಟಿಗೆ ಹಾಕಬೇಕು ಅಂತ ಇತ್ತು. ನಿಯಮ ಸರಿ, ಆದರೆ ಆ ಬುಟ್ಟಿ ಶನಿವಾರ ಮಾತ್ರ ಖಾಲಿಯಾಗುವ ಊರಿನಲ್ಲಿ ಆ ಮನೆಯವರು ಏನು ಮಾಡಬೇಕು? ಅದಕ್ಕೆ ಉತ್ತರ ನೋಟಿಸಿನಲ್ಲಿ ಹುಟ್ಟುವುದಿಲ್ಲ. ಅಕ್ಕನ ಹತ್ತಿರ ಹೋಗಿ ಕೇಳಿದೆ. ‘ಪೇಪರಲ್ಲಿ ಸುತ್ತಿ ಮೇಲೆ ಕೆಂಪು ಗೀಟು ಹಾಕಿ ಕೊಡ್ಲಿ, ಬಂದ ದಿನವೆಲ್ಲ ತಗೊಂಡ್ ಹೋಗ್ತೀನಿ. ಸುಮ್ನೆ ಕವರಲ್ಲಿ ಕಟ್ಟಿಟ್ರೆ ಶೆಡ್ಡಲ್ಲಿ ಬಿಚ್ಚೋರು ನಾವೇ ಅಲ್ವಾ’ ಅಂದರು. ಒಂದು ನಿಮಿಷದ ಮಾತು.

ಹೊಸದಾಗಿ ಬರೆಯುವ ಮೊದಲು ನಿಜವಾದ ಹೊತ್ತು ಗೊತ್ತಾಗಬೇಕಲ್ಲ. ಅಕ್ಕನನ್ನು ಕೇಳಿದರೆ ‘ಏಳರ ಹೊತ್ತಿಗೆ ಅಲ್ಲಿರ್ತೀನಿ’ ಅನ್ನುತ್ತಾರೆ, ಬೀದಿಯವರನ್ನು ಕೇಳಿದರೆ ‘ಎಷ್ಟೊತ್ತಿಗೋ ಬರ್ತದೆ’ ಅನ್ನುತ್ತಾರೆ. ಅದಕ್ಕೆ ಮುಂದಿನ ವಾರ, ಜೂನ್ 9, 11, 13, ಮೂರು ದಿನ ಗಾಡಿಯ ಹಿಂದೆ ನಡೆದೆ. ಪ್ರತಿ ಅಡ್ಡರಸ್ತೆಯ ಮೊದಲ ಮನೆ ಮುಟ್ಟಿದಾಗ ಫೋನಿನಲ್ಲಿ ಗಂಟೆ ಬರೆದುಕೊಂಡೆ. ಬುಧವಾರ ಮಳೆ, ಗಾಡಿ ತಡ.

ಎರಡನೇ ಅಡ್ಡರಸ್ತೆಯನ್ನೇ ತಗೊಳ್ಳಿ. ಸೋಮವಾರ 6:48, ಬುಧವಾರ 6:57, ಶುಕ್ರವಾರ 6:50. ಈಗ ಏನು ಬರೆಯಬೇಕು? ನನ್ನ ಕೈ ಮೊದಲು ಹೋದದ್ದು ಸರಾಸರಿಗೆ, ಅಂದರೆ 6:52ರ ಹತ್ತಿರ. ಆಫೀಸಿನ ಅಭ್ಯಾಸ. ಆದರೆ ಹಾಗೆ ಬರೆದರೆ ಮೂರರಲ್ಲಿ ಎರಡು ದಿನ ನೋಟಿಸ್ ನಂಬಿದವರಿಗೇ ಗಾಡಿ ತಪ್ಪುತ್ತದೆ. ಬಸ್ ಸ್ಟ್ಯಾಂಡಿನ ಲೆಕ್ಕ ಇಲ್ಲಿಗೂ ಸರಿ. ಐದು ನಿಮಿಷ ಕಾದವರು ಗೊಣಗುತ್ತಾರೆ, ಬಸ್ಸು ತಪ್ಪಿದವರು ಮತ್ತೆ ಆ ಬೋರ್ಡು ನೋಡುವುದಿಲ್ಲ. ಹಾಗಾಗಿ ಮೂರು ದಿನದಲ್ಲಿ ಅತಿ ಬೇಗ ಬಂದ ಹೊತ್ತು ಹಿಡಿದೆ, 6:48. ಅಲ್ಲಿಂದ ಇನ್ನೂ ಸ್ವಲ್ಪ ಹಿಂದಕ್ಕೆ ಸರಿಸಿ 6:45.

ಸರಿಸಿದ್ದಕ್ಕೆ ಕಾರಣ ಅಜ್ಜಿ. ‘6:40 ಅಂತ ಬರೀಲಾ ಅಜ್ಜಿ?’ ಅಂದಿದ್ದಕ್ಕೆ, ‘ಆರೂ ನಲವತ್ತು ಅಂದ್ರೆ ರೈಲಿನ ಟೈಮ್ ಹೇಳ್ದಂಗೆ ಇರ್ತದೆ. ಆರೂಮುಕ್ಕಾಲು ಅನ್ನು’ ಅಂದರು. ನಮ್ಮ ಮಾತಿನಲ್ಲಿ ಗಂಟೆಗೆ ನಾಲ್ಕು ಮೆಟ್ಟಿಲು ಮೊದಲಿಂದಲೂ ಇವೆ: ಆರು, ಆರೂಕಾಲು, ಆರೂವರೆ, ಆರೂಮುಕ್ಕಾಲು. ಕಿವಿಗೆ ಬಿದ್ದರೆ ಸಾಕು, ಬರೆದುಕೊಳ್ಳುವುದೇ ಬೇಡ. ಅದೃಷ್ಟಕ್ಕೆ ಅಕ್ಕನಿಗೂ ಒಂದು ಅಡ್ಡರಸ್ತೆಗೆ ಸುಮಾರು ಕಾಲು ಗಂಟೆ ಹಿಡಿಯುತ್ತದೆ. ಇನ್ನು ಅಂಕಿಯ ಪ್ರಶ್ನೆ. ಅಜ್ಜಿ ಕಲಿತದ್ದು ಕನ್ನಡದ ಅಂಕಿ, ಕೊನೆಮನೆ ಹುಡುಗಿಗೆ ಕನ್ನಡದ ಏಳು ಯಾವುದು ಆರು ಯಾವುದು ಅಂತ ಇನ್ನೂ ಗಲಿಬಿಲಿ. ಅಕ್ಷರದಲ್ಲೂ ಅಂಕಿಯಲ್ಲೂ ಬರೆದರೆ ಜಗಳವೇ ಇಲ್ಲ.

ಉಳಿದದ್ದು ‘ಮುಂದಿನ ಸೂಚನೆಯವರೆಗೆ’. ಇದನ್ನು ತೆಗೆದದ್ದು ಮೇಷ್ಟ್ರು. ‘ನಮ್ಮೂರಿನವಳಾಗಿ ಆ ಮಾತು ಬರೀತೀಯಲ್ಲ’ ಅಂದರು. ನಮ್ಮ ಅಯ್ಯನಕೆರೆಯ ಕಥೆ ಗೊತ್ತಿರುವವರಿಗೆ ಗೊತ್ತು. ಕೆರೆ ಒಡೆಯುತ್ತೇನೆ ಅಂದ ಗಂಗಮ್ಮನ ಹತ್ತಿರ ನೀರುಗಂಟಿ ಬೇಡಿಕೊಂಡನಂತೆ, ‘ದೊರೆಗೆ ಹೇಳಿ ಬರ್ತೀನಿ, ನಾನು ವಾಪಸ್ ಬರೋವರೆಗೆ ತಡೆದಿರು ತಾಯಿ’ ಅಂತ. ಆಕೆ ಒಪ್ಪಿದಳು. ದೊರೆ ಆ ಬಡಪಾಯಿ ವಾಪಸ್ ಹೋಗದ ಹಾಗೆ ಕೊಲ್ಲಿಸಿಬಿಟ್ಟ. ಕೊನೆಯ ದಿನ ಹೇಳದ ಒಪ್ಪಂದ, ಕೆರೆ ಇವತ್ತಿಗೂ ಒಡೆದಿಲ್ಲ. ನಮ್ಮ ನೋಟಿಸಿಗೆ ಅಂಥ ಆಯಸ್ಸು ಬೇಡ. ಜೂನ್‌ನಲ್ಲಿ ಆರಕ್ಕೆಲ್ಲ ಬೆಳಕು ಹರಿದಿರುತ್ತದೆ, ಡಿಸೆಂಬರ್ ಕೊನೆಯಲ್ಲಿ ಆರೂವರೆಗೂ ಮಬ್ಬು. ಆಗ ಅಜ್ಜಿಯರು ಮೆಟ್ಟಿಲಿಳಿದು ಬರುವುದು ಕಷ್ಟ. ಅಕ್ಟೋಬರ್ 31ರವರೆಗೆ ಅಂತ ಬರೆದು, ಆಮೇಲೆ ಎಲ್ಲರೂ ಕೂತು ಮತ್ತೆ ನೋಡೋಣ ಅಂತ ಮಾಡಿದೆವು.

ಕೊನೆಗೆ ಜೂನ್ 14, ಶನಿವಾರ ಹೊರಬಿದ್ದದ್ದು ಇದು:

ಕಸದ ಗಾಡಿ ಈಗ ಬೆಳಿಗ್ಗೆ 9 ಗಂಟೆಗೆ ಬರುವುದಿಲ್ಲ. ಅದಕ್ಕಿಂತ ಬೇಗ ಬರುತ್ತದೆ.

1ನೇ ಅಡ್ಡರಸ್ತೆ: ಬೆಳಿಗ್ಗೆ ಆರೂವರೆ (6:30)
2ನೇ ಅಡ್ಡರಸ್ತೆ: ಬೆಳಿಗ್ಗೆ ಆರೂಮುಕ್ಕಾಲು (6:45)
3ನೇ ಅಡ್ಡರಸ್ತೆ: ಬೆಳಿಗ್ಗೆ ಏಳು (7:00)
4ನೇ ಅಡ್ಡರಸ್ತೆ: ಬೆಳಿಗ್ಗೆ ಏಳೂಕಾಲು (7:15)

ಈ ಹೊತ್ತಿಗೆ ಬಕೆಟ್ ಬಾಗಿಲ ಒಳಗೆ ಸಿದ್ಧ ಇಟ್ಟುಕೊಳ್ಳಿ. ಗಾಡಿಯ ಹಾಡು ಕೇಳಿದ ಮೇಲೆ ಹೊರಗೆ ತನ್ನಿ. ರಾತ್ರಿಯೇ ಹೊರಗೆ ಇಡಬೇಡಿ, ನಾಯಿ ಎಳೆಯುತ್ತವೆ.

ಸೋಮವಾರ, ಬುಧವಾರ, ಶುಕ್ರವಾರ: ಹಸಿ ಕಸ.
ಶನಿವಾರ: ಒಣ ಕಸ. ತೆಂಗಿನ ಚಿಪ್ಪು ಶನಿವಾರ ಕೊಡಿ.
ಡೈಪರ್, ಪ್ಯಾಡ್: ಪೇಪರಿನಲ್ಲಿ ಸುತ್ತಿ, ಕೆಂಪು ಗೀಟು ಹಾಕಿ, ಈ ನಾಲ್ಕು ದಿನವೂ ಬೇರೆಯಾಗಿ ಕೊಡಿ.

ಗಾಡಿ ತಪ್ಪಿದರೆ: ಏಳೂಮುಕ್ಕಾಲಿಗೆ (7:45) ಅರಳಿಕಟ್ಟೆ ಹತ್ತಿರ ಸ್ವಲ್ಪ ಹೊತ್ತು ನಿಂತಿರುತ್ತದೆ. ಅಲ್ಲಿಗೆ ತನ್ನಿ. ಮೂಲೆಯಲ್ಲಿ ಹಾಕಬೇಡಿ.

ಸ್ಕೂಲು ಶುರುವಾಗಿದೆ, 9 ಗಂಟೆಗೆ ರಸ್ತೆ ತುಂಬ ಮಕ್ಕಳಿರುತ್ತಾರೆ. ಅದಕ್ಕೇ ಈ ಬದಲಾವಣೆ. 2025 ಅಕ್ಟೋಬರ್ 31, ಶುಕ್ರವಾರದವರೆಗೆ ಇದೇ ಹೊತ್ತು.

ಮೊದಲಿನದಕ್ಕಿಂತ ಉದ್ದ ಆಯಿತು, ನಿಜ. ನೋಟಿಸ್ ಚಿಕ್ಕದಾಗಿರಬೇಕು ಅಂತ ಆಫೀಸಿನಲ್ಲಿ ನಾನೂ ಹೇಳುವವಳೇ. ಆದರೆ ಇದರಲ್ಲಿ ಪ್ರತಿ ಮನೆಯವರೂ ತಮ್ಮ ಅಡ್ಡರಸ್ತೆಯ ಒಂದೇ ಸಾಲು ಓದಿದರೆ ಸಾಕು. ಮೊದಲಿನದು ಮೂರು ಸಾಲಿದ್ದರೂ ಅದರಲ್ಲಿ ನನ್ನ ಮನೆಗೆ ಎಷ್ಟು ಗಂಟೆ ಅನ್ನುವುದು ಎಲ್ಲೂ ಇರಲಿಲ್ಲ. ಕಾರಣವನ್ನು ಕೊನೆಗೆ ತಳ್ಳಿದ್ದೂ ಬೇಕೆಂದೇ. ಕಾರಣ ಬೇಕು, ಇಲ್ಲದಿದ್ದರೆ ‘ಯಾಕೆ ಬದಲಾಯಿಸಿದ್ರು’ ಅಂತ ಗ್ರೂಪಿನಲ್ಲಿ ಇನ್ನೂರು ಮೆಸೇಜ್ ಆಗುತ್ತದೆ. ಆದರೆ ಅದನ್ನೇ ಮೊದಲು ಬರೆದರೆ, ಓದುವವರು ಗಂಟೆಯ ಸಾಲು ಮುಟ್ಟುವ ಮೊದಲೇ ಫೋನ್ ಕೆಳಗಿಡುತ್ತಾರೆ.

ಕಳಿಸುವ ಮೊದಲು ಮೂವರ ಮೇಲೆ ಪರೀಕ್ಷೆ ಮಾಡಿದೆ. ಮೇಷ್ಟ್ರ ಫೋನು ಪೂರ್ತಿ ಓದಿತು, ಯಾಕೆಂದರೆ ಈ ಸಲ ಚಿತ್ರ ಅಲ್ಲ, ಬರೆದ ಮೆಸೇಜು. ಹುಡುಗಿಗೆ ಓದಲು ಕೊಟ್ಟು, ‘ಬುಧವಾರ ನಿಮ್ಮನೆ ಬಕೆಟ್ ಎಷ್ಟೊತ್ತಿಗೆ ಸಿದ್ಧ ಇರ್ಬೇಕು? ಅದರಲ್ಲಿ ಏನ್ ಹಾಕಿರ್ಬೇಕು?’ ಅಂತ ಕೇಳಿದೆ. ‘ಏಳೂಕಾಲು, ಸಿಪ್ಪೆ, ಉಳಿದ ಅನ್ನ’ ಅಂದಳು. ಅಜ್ಜಿಗೆ ಓದಿ ಹೇಳಿ, ‘ಈಗ ನೀವೇ ನನಗೆ ಹೇಳಿ’ ಅಂದೆ. ತಪ್ಪಿಲ್ಲದೆ ಹೇಳಿ, ಕೊನೆಗೆ ಒಂದು ಸೇರಿಸಿದರು: ‘ಹಾಡು ಅಂದ್ಯಲ್ಲ, ನಂಗದು ಕೇಳ್ಸಲ್ಲ.’

ತೈವಾನಿನಲ್ಲಿ ಕಸದ ಲಾರಿಗಳು ಬೀಥೋವನ್ನನ ಸಂಗೀತ ಹಾಕಿಕೊಂಡು ಬರುತ್ತವಂತೆ, ಜನ ಕೇಳಿದ ಕೂಡಲೇ ಕವರು ಹಿಡಿದು ಇಳಿದು ಬರುತ್ತಾರೆ ಅಂತ ಓದಿ ನನಗೆ ಖುಷಿಯಾಗಿತ್ತು. ಅಲ್ಲಿ ಕಿವಿ ಕೇಳದ ಅಜ್ಜಿಯರು ಏನು ಮಾಡುತ್ತಾರೋ. ಇಲ್ಲಿ ಹುಡುಗಿಯೇ ದಾರಿ ಹುಡುಕಿದಳು. ಗಾಡಿ ಮೂಲೆ ತಿರುಗಿದ್ದು ಕಂಡರೆ ಓಡಿ ಬಂದು ಅಜ್ಜಿಯ ಗೇಟು ಅಲ್ಲಾಡಿಸುವುದು. ಅಲ್ಲಾಡುವುದು ಕಾಣುತ್ತದಲ್ಲ. ಜೊತೆಗೆ ಅಜ್ಜಿಯ ಗೋಡೆಯ ಕ್ಯಾಲೆಂಡರಿನಲ್ಲಿ ಅಕ್ಟೋಬರ್‌ವರೆಗೆ ಸೋಮವಾರ, ಬುಧವಾರ, ಶುಕ್ರವಾರಕ್ಕೆ ಹಸಿರು ಚುಕ್ಕಿ, ಶನಿವಾರಕ್ಕೆ ನೀಲಿ ಚುಕ್ಕಿ ಇಟ್ಟಳು. ಹಸಿ ಕಸದ ಬಕೆಟ್ ಹಸಿರು, ಒಣದ್ದು ನೀಲಿ, ಅದೇ ಬಣ್ಣ. ಏಕಾದಶಿ ನೋಡೋಕೆ ದಿನಾ ಕ್ಯಾಲೆಂಡರ್ ಮುಂದೆ ನಿಲ್ಲುವ ಅಜ್ಜಿಗೆ ಇದು ನಮ್ಮ ಎಲ್ಲ ನೋಟಿಸಿಗಿಂತ ಒಳ್ಳೆಯದಾಯಿತು.

ಫೋನಿಲ್ಲದ ಇನ್ನೂ ಐದಾರು ಮನೆ ಇದ್ದವು. ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ದಪ್ಪ ಮಾರ್ಕರಿನಿಂದ ಬರೆದು ಮೂರು ಕಡೆ ಅಂಟಿಸಿದೆವು: ಹಾಲಿನ ಡೇರಿ, ಮೂಲೆ ಅಂಗಡಿ, ನಲ್ಲಿಕಟ್ಟೆ. ಬರೆದವಳು ಹಿಂದಕ್ಕೆ ನಾಲ್ಕು ಹೆಜ್ಜೆ ಹೋಗಿ ಓದಿ ನೋಡಬೇಕು ಅಂತ ಹುಡುಗಿಗೆ ಹೇಳಿಕೊಟ್ಟೆ. ಗ್ರೂಪಿಗೆ ಅಮ್ಮನ ದನಿಯಲ್ಲಿ ನಲವತ್ತು ಸೆಕೆಂಡಿನ ವಾಯ್ಸ್ ಮೆಸೇಜೂ ಹೋಯಿತು. ಬರೆದದ್ದನ್ನು ಎಂದೂ ಓದದ ಗಂಡಸರು ಅದನ್ನು ಎರಡೆರಡು ಸಲ ಕೇಳಿದರಂತೆ.

ಮೂಲೆಯ ರಾಶಿ ಪೂರ್ತಿ ಹೋಗಲು ಇನ್ನೂ ಎರಡು ವಾರ ಹಿಡಿಯಿತು. ನೈಟ್ ಶಿಫ್ಟ್ ಮುಗಿಸಿ ಬೆಳಗಿನ ಜಾವ ಮಲಗುವ ಮೂರನೇ ಅಡ್ಡರಸ್ತೆಯ ಹುಡುಗನಿಗೆ ಯಾವ ನೋಟಿಸಿನಿಂದಲೂ ಏಳಕ್ಕೆ ಏಳಲಾಗುವುದಿಲ್ಲ. ಪಕ್ಕದ ಮನೆಯವರು ಅವನ ಬಕೆಟ್ಟನ್ನೂ ಕೊಡುತ್ತಾರೆ, ಅವನು ಅವರ ಕರೆಂಟ್ ಬಿಲ್ ಫೋನಿನಲ್ಲಿ ಕಟ್ಟುತ್ತಾನೆ. ಅಕ್ಕ ಮತ್ತು ಅಜ್ಜಿ ರಾಜಿಯಾಗಿ ಆಯಿತು. ಚಿಪ್ಪು ಈಗ ಕಸಕ್ಕೇ ಬರುವುದಿಲ್ಲ, ಅಜ್ಜಿ ಅದನ್ನು ಅಕ್ಕನ ಮನೆಯ ನೀರೊಲೆಗೆ ಚೀಲದಲ್ಲಿ ಕಟ್ಟಿ ಕೊಡುತ್ತಾರೆ.

ಆಗಸ್ಟ್ 8, ಶುಕ್ರವಾರ ವರಮಹಾಲಕ್ಷ್ಮಿ ಹಬ್ಬ. ಗಾಡಿ ಬರುವುದಿಲ್ಲ ಅಂತ ಅಕ್ಕ ನಾಲ್ಕು ದಿನ ಮೊದಲೇ ಹೇಳಿದರು. ನಾನು ಬೆಂಗಳೂರಿನಲ್ಲಿದ್ದೆ, ಹುಡುಗಿಗೆ ಫೋನ್ ಮಾಡಿ ನೀನೇ ಬರೆದುಬಿಡು ಅಂದೆ. ಅವಳು ಬರೆದು ಫೋಟೋ ಕಳಿಸಿದಳು: ‘ಆಗಸ್ಟ್ 8, ಶುಕ್ರವಾರ, ಹಬ್ಬ. ಕಸದ ಗಾಡಿ ಬರಲ್ಲ. ಹೂವು, ಬಾಳೆ ಎಲೆ, ಹಸಿ ಕಸ ಎಲ್ಲ ಆಗಸ್ಟ್ 9, ಶನಿವಾರ ಕೊಡಿ. ಒಣ ಕಸವೂ ಅವತ್ತೇ, ಬೇರೆ ಬಕೆಟ್‌ನಲ್ಲಿ.’ ಪಕ್ಕದಲ್ಲಿ ಒಂದು ಕಳಶದ ಚಿತ್ರ. ಒಂದು ಅಕ್ಷರವೂ ತಿದ್ದುವಂತಿಲ್ಲ ಅನ್ನಿಸಿ, ಸರಿ ಅಂಟಿಸು ಅಂದೆ.

ಅರ್ಧ ಗಂಟೆ ಬಿಟ್ಟು ಅವಳದೇ ಫೋನು. ‘ಅಕ್ಕ, ಅಜ್ಜಿ ಅಂಟಿಸೋಕ್ ಬಿಡ್ತಿಲ್ಲ. ಶನಿವಾರ ಎಷ್ಟೊತ್ತಿಗೆ ಅಂತ ಬರೆದೇ ಇಲ್ವಲ್ಲ ಅಂತಿದಾರೆ.’